ಮ್ಯಾನೇಜರ್ ಬಿಟ್ಟುಹೋದ ಮೊದಲ ತಿಂಗಳು

"ಮ್ಯಾನೇಜರ್ ದಿಢೀರ್ ರಾಜೀನಾಮೆ ಕೊಟ್ಟರು. ಹೊಸಬರು ಬರೋವರೆಗೆ 9 ಜನರ ಟೀಮ್ ನೀವೇ ನೋಡ್ಕೊಳ್ಳಿ ಅಂದಿದ್ದಾರೆ. ಮೊದಲು ಏನು ಮಾಡಲಿ?"

ಅವರು ಯಾರಿಗೆ ಏನು ಮಾತು ಕೊಟ್ಟಿದ್ದರು ಅನ್ನೋದನ್ನ ಮೊದಲು ತಿಳ್ಕೊಳ್ಳಿ. ಈ ವಾರವೇ ಒಬ್ಬೊಬ್ಬರ ಜೊತೆ 20 ನಿಮಿಷ ಕೂತು, "ರಜೆ, ಶಿಫ್ಟ್, ಬಡ್ತಿ ಏನಾದರೂ ಒಪ್ಪಿಕೊಂಡಿದ್ದರಾ?" ಅಂತ ನೇರವಾಗಿ ಕೇಳಿ, ಅವರೆದುರೇ ಬರೆದುಕೊಳ್ಳಿ.

ನಾನು ಹೀಗೇ ಬಿಲ್ಲಿಂಗ್ ಟೀಮ್ ನೋಡಿಕೊಂಡಾಗ, ಒಬ್ಬರಿಗೆ ತಂಗಿ ಮದುವೆಗೆ 8 ದಿನ ರಜೆ ಬಾಯಿಮಾತಲ್ಲೇ ಸಿಕ್ಕಿತ್ತು, ಸಿಸ್ಟಮ್‌ನಲ್ಲಿ ಏನೂ ಇರಲಿಲ್ಲ. ಅದೂ ತಿಂಗಳ ಕೊನೆ, ಇನ್‌ವಾಯ್ಸ್ ಕಳಿಸೋ ಹೊತ್ತು. ಮೊದಲೇ ಕೇಳಿದ್ದರಿಂದ ಆ ಕೆಲಸವನ್ನ ಇನ್ನೊಬ್ಬರಿಗೆ ಕಲಿಸೋಕೆ 10 ದಿನ ಸಿಕ್ಕಿತು, ಅವರು ನಿಶ್ಚಿಂತೆಯಿಂದ ಮದುವೆಗೆ ಹೋಗಿಬಂದರು.

ಆಮೇಲೆ ಆ ಪಟ್ಟಿ ಹಿಡಿದು ಮೇಲಿನವರ ಹತ್ತಿರ ಹೋಗಿ. ರಜೆ, ಖರ್ಚು, ಓಟಿ ಇವುಗಳಲ್ಲಿ ಯಾವುದಕ್ಕೆ, ಎಷ್ಟರವರೆಗೆ ನೀವು ಒಪ್ಪಿಗೆ ಕೊಡಬಹುದು ಅಂತ ಇಮೇಲ್‌ನಲ್ಲೇ ತಗೊಳ್ಳಿ. ಬಡ್ತಿ, ಸಂಬಳದ ವಿಷಯಕ್ಕೆ ಮಾತ್ರ ದಯವಿಟ್ಟು ಹೂಂ ಅನ್ನಬೇಡಿ. "ಮೇಲೆ ಹೇಳಿದ್ದೀನಿ, ಶುಕ್ರವಾರ ತಿಳಿಸ್ತೀನಿ" ಅನ್ನಿ. ಶುಕ್ರವಾರ ಉತ್ತರ ಬಂದಿಲ್ಲದಿದ್ದರೂ ಕೇಳಿದವರ ಹತ್ತಿರ ಹೋಗಿ, ಬಂದಿಲ್ಲ ಅಂತಲೇ ಹೇಳಿ.

ಯಾವಾಗಲೂ ಮಾತಾಡೋರು ಮೀಟಿಂಗಲ್ಲಿ ಸುಮ್ಮನಾದರೆ, ಅವತ್ತೇ ಬಿಡಿಯಾಗಿ ಮಾತಾಡಿಸಿ.