ಪ್ರತಿಕ್ರಿಯೆ: ತೊಗರಿ ನಷ್ಟದ ಸುದ್ದಿ, ಎರಡು ಚೌಕಟ್ಟು

"ಪ್ರಯೋಗದಲ್ಲಿ ತೊಗರಿ ನಷ್ಟದ ಸುದ್ದಿ ಒಂದು ಗುಂಪಿಗೆ ಒಬ್ಬ ರೈತನ ಕಥೆಯಾಗಿ, ಇನ್ನೊಂದಕ್ಕೆ ಕಲಬುರಗಿ ಜಿಲ್ಲೆಯ ಸಮಸ್ಯೆಯಾಗಿ ಕೊಡ್ತೀನಿ. ಸುದ್ದಿ ಹೇಳೋ ಈ ಚೌಕಟ್ಟು ಓದುಗರಿಗೆ ತಲುಪಿತಾ ಅಂತ ಯಾವಾಗ ಕೇಳಲಿ?"

ಪರಿಹಾರ ಯಾರ ಹೊಣೆ ಅನ್ನೋ ಮುಖ್ಯ ಪ್ರಶ್ನೆ ಮುಗಿದ ಮ್ಯಾಲೆ ಕೇಳ್ರಿ. ಮೊದಲೇ "ಇದು ಒಬ್ಬರ ಸುದ್ದಿನಾ, ಇಡೀ ಜಿಲ್ಲೆದಾ?" ಅಂದ್ರ ಓದುಗ ನಿಮ್ಮ ಉದ್ದೇಶ ಹಿಡಿದುಬಿಡ್ತಾನ. ಇನ್ನೂ ಭದ್ರ ದಾರಿ ಅಂದ್ರ, ಅಸಲಿ ಪ್ರಯೋಗಕ್ಕ ಬರದ ಬ್ಯಾರೆ ಓದುಗರ ಮ್ಯಾಲೆ ಇದನ್ನ ಮೊದಲೇ ಪರೀಕ್ಷಿಸೋದು.

ನೆಟೆ ರೋಗದ ಮಾಹಿತಿ, ಬರಹದ ಉದ್ದ, ಹೊಲದ ಫೋಟೊ ಎರಡರಲ್ಲೂ ಒಂದೇ ಇರಲಿ. ಅಫಜಲಪುರದ ರೈತನ ಕಣ್ಣೀರು ಒಂದರಾಗ ಮಾತ್ರ ಬಂದ್ರ ನೀವು ಅಳೆದದ್ದು ಚೌಕಟ್ಟಲ್ಲ, ಕನಿಕರ.

ಚೌಕಟ್ಟು ತಲುಪಿತಾ ಅನ್ನೋ ಪರೀಕ್ಷೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವರನ್ನ ಲೆಕ್ಕದಿಂದ ತೆಗೀಬ್ಯಾಡ್ರಿ. ಎರಡೂ ಗುಂಪಿನಾಗ ಬ್ಯಾರೆ ಬ್ಯಾರೆ ಥರದವರು ಉದುರಬಹುದು, ಓದುಗರನ್ನ ಚೀಟಿ ಎತ್ತಿ ಗುಂಪಿಗೆ ಹಂಚಿದ್ದರಿಂದ ಬಂದ ಸಮತೋಲನ ಅಲ್ಲೇ ಕೆಡ್ತದ.