ಜುಟ್ಟು ನಿಲ್ಲಬೇಕು, ಕೂದಲು ತುಂಡಾಗಬಾರದು

"ಉದ್ದ, ನುಣುಪು ಕೂದಲು. ಕಪ್ಪು ರಬ್ಬರ್ ಬ್ಯಾಂಡ್ ಬಿಚ್ಚಿದಾಗಲೆಲ್ಲ ನಾಲ್ಕೈದು ಕೂದಲು ಕಿತ್ತು ಬರುತ್ತೆ. ಸಡಿಲ ಹಾಕಿದ್ರೆ ಜಾರುತ್ತೆ. ಏನು ತಗೊಳ್ಳಲಿ?"

ಮೊದಲು ಬ್ಯಾಂಡಿಗೆ ಅಂಟಿದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಬಿಳಿ ಚುಕ್ಕೆಯಂಥ ಬುಡ ಇದ್ದರೆ ಅದು ಬುಡದಿಂದಲೇ ಬಂದದ್ದು, ಹೆಚ್ಚಾಗಿ ಉದುರುವ ಹೊತ್ತಾಗಿದ್ದ ಕೂದಲು. ಬುಡವಿಲ್ಲದ ಗಿಡ್ಡ ತುಂಡಾದರೆ ಮಾತ್ರ ಬ್ಯಾಂಡಿನದೇ ತಪ್ಪು.

ಆಗ ಬ್ಯಾಂಡಿನ ಜೋಡಣೆ ನೋಡಿ. ಸಣ್ಣ ತಗಡಿನ ಮಡಿಕೆ ಇದ್ದರೆ ಕೂದಲು ಅಲ್ಲೇ ಸಿಕ್ಕಿ ತುಂಡಾಗುತ್ತೆ. ಬರಿ ರಬ್ಬರಿನದು ಇನ್ನೂ ಕೆಟ್ಟದು, ಕೂದಲಿಗೆ ಕಚ್ಚಿಕೊಳ್ಳುತ್ತೆ.

ನಿಮ್ಮಂಥ ಕೂದಲಿಗೆ ನಾನು ಹೇಳೋದು ಬಟ್ಟೆ ಹೊದಿಸಿದ, ಜೋಡಣೆ ಕಾಣದ, ಬೆರಳಗಲದ ಬ್ಯಾಂಡು. ಸ್ಯಾಟಿನ್ ಸ್ಕ್ರಂಚಿ ಮೃದು ನಿಜ, ಆದರೆ ನುಣುಪು ಕೂದಲಲ್ಲಿ ಅದೇ ಜಾರೋದು. ರಾತ್ರಿ ಜಡೆಗೆ ಇಟ್ಟುಕೊಳ್ಳಿ. ಹಗಲಿಗೆ ಹತ್ತಿ ಅಥವಾ ವೆಲ್ವೆಟ್‌ನದು ಹಿಡಿಯುತ್ತೆ. ಎರಡು ಸುತ್ತಿಗೆ ನಿಲ್ಲಬೇಕು. ಮೂರನೆಯದಕ್ಕೆ ಎಳೆದಾಡಬೇಕಾದರೆ ಅದು ನಿಮ್ಮ ಅಳತೆಯದಲ್ಲ. ಬಿಚ್ಚುವಾಗ ಕೆಳಗೆ ಜಗ್ಗದೆ ಸುತ್ತು ಬಿಡಿಸಿ ತೆಗೆಯಿರಿ.

ತುರುಬಿಗಾದರೆ ಕ್ಲಚ್ ಕ್ಲಿಪ್ಪೇ ವಾಸಿ. ಅಂಗಡಿಯಲ್ಲೇ ಅದರ ಹಲ್ಲುಗಳನ್ನು ದುಪಟ್ಟಾದ ಮೇಲೆ ಎಳೆದು ನೋಡಿ (ಅಂಗಡಿಯವರು ಗುರಾಯಿಸ್ತಾರೆ, ಪರವಾಗಿಲ್ಲ). ನೂಲು ಸಿಕ್ಕಿಕೊಂಡರೆ ಅಚ್ಚಿನ ಅಂಚು ಚೂಪಾಗಿದೆ ಅಂತ ಅರ್ಥ, ಕೂದಲನ್ನೂ ಹಾಗೇ ಕೊಯ್ಯುತ್ತೆ. ಕೂದಲು ತುಂಬಿದ ಮೇಲೂ ಎರಡು ಬದಿಯ ಹಲ್ಲುಗಳು ಒಂದಕ್ಕೊಂದು ಹೆಣೆದುಕೊಳ್ಳುವಷ್ಟು ದೊಡ್ಡದು ತಗೊಳ್ಳಿ.

ಅಂದಹಾಗೆ, ತಲೆಸ್ನಾನ ಮಾಡಿ ಒದ್ದೆಯಲ್ಲೇ ಬಿಗಿಯಾಗಿ ಕಟ್ಟಬೇಡಿ. ನೆನೆದ ಕೂದಲು ಹೆಚ್ಚು ಹಿಗ್ಗುತ್ತೆ, ಬೇಗ ತುಂಡಾಗುತ್ತೆ.