ಸಂಘದ ಸದಸ್ಯತ್ವಕ್ಕೆ ಪತ್ರ: ಏನು ಕೊಡ್ತೀರಿ, ಏನು ಬೇಕು

"ಪೀಣ್ಯದಲ್ಲಿ ನಮ್ಮದು ಚಿಕ್ಕ ಸಿಎನ್‌ಸಿ ಜಾಬ್‌ವರ್ಕ್ ಘಟಕ. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾದ ಸದಸ್ಯತ್ವದ ಫಾರಂ ಜೊತೆ ಒಂದು ಪತ್ರ ಇಡೋಣ ಅಂತಿದ್ದೇನೆ. ಏನು ಬರೆಯಲಿ?"

ಪತ್ರ ಒಂದೇ ಪುಟ ಇರಲಿ ಸರ್. ಉದ್ಯಮ್ ನೋಂದಣಿ ಸಂಖ್ಯೆ, ಜಿಎಸ್‌ಟಿ ಸಂಖ್ಯೆ ಮೊದಲ ಸಾಲಲ್ಲೇ ಬರಲಿ.

"ಗುಣಮಟ್ಟದ ಸೇವೆ ಕೊಡುತ್ತೇವೆ" ಅಂತ ಸುಮ್ನೆ ಬರೆದರೆ ಯಾರಿಗೂ ಏನೂ ತಿಳಿಯಲ್ಲ. ಹೀಗೆ ಬರೆಯಿರಿ: "200 ಮಿಲಿಮೀಟರ್ ವ್ಯಾಸದವರೆಗೆ ಟರ್ನಿಂಗ್ ಮಾಡುತ್ತೇವೆ. ರಾತ್ರಿ ಪಾಳಿಯಲ್ಲಿ ಒಂದು ಮಷಿನ್ ಖಾಲಿ ಇರುತ್ತದೆ, ಸದಸ್ಯರ ತುರ್ತು ಕೆಲಸಕ್ಕೆ ಕೊಡಬಲ್ಲೆವು. ವರ್ಷಕ್ಕೆ ಇಬ್ಬರು ಐಟಿಐ ಹುಡುಗರಿಗೆ ತರಬೇತಿ ಕೊಡುತ್ತೇವೆ." ಅಳತೆ ನಿಮ್ಮ ಮಷಿನ್‌ನದ್ದೇ ಹಾಕಿ. ಆಗದ್ದನ್ನು ಬರೆಯಬೇಡಿ, ನಾಳೆ ಯಾರಾದರೂ ಕೇಳಿಕೊಂಡು ಬಂದೇ ಬರುತ್ತಾರೆ.

ನಿರೀಕ್ಷೆ ಬರೆಯಲು ಸಂಕೋಚ ಬೇಡ. ಆದರೆ "ಆರ್ಡರ್ ಕೊಡಿಸಿ" ಅನ್ನಬೇಡಿ, ಅದು ಸಂಘದ ಕೈಲಿಲ್ಲ. ಜಾಬ್‌ವರ್ಕ್‌ನವರಿಗೆ ಬಾಕಿ ಹಣದ್ದೇ ದೊಡ್ಡ ತಲೆನೋವು ಅಲ್ವಾ? 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಒಪ್ಪಂದ ಏನೇ ಇದ್ದರೂ ಖರೀದಿದಾರ ಹಣ ಕೊಡಲು 45 ದಿನ ಮೀರುವಂತಿಲ್ಲ. ಮೀರಿದರೆ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಬಹುದು. ಹಾಗಾಗಿ "ದೂರು ಸಲ್ಲಿಸುವಾಗ ಸಂಘದ ಮಾರ್ಗದರ್ಶನ ಬೇಕು" ಅಂತ ನೇರವಾಗಿ ಕೇಳಿ. ಇಂಥ ಒಂದೆರಡು ನಿರೀಕ್ಷೆ ಸಾಕು. ಜಾಸ್ತಿ ಆದರೆ ಪತ್ರ ಬೇಡಿಕೆ ಪಟ್ಟಿ ಆಗಿಬಿಡುತ್ತದೆ.